ತರೀಕೆರೆ ಮೈದಾನದಲ್ಲಿ ಸರಿದ ಸುಣ್ಣದ ಗೆರೆ

ಅಜ್ಜಂಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನಂಜುಂಡಪ್ಪನವರಿಗೆ ಯಾರ ಮಾತೂ ಸುಲಭಕ್ಕೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹುಡುಗಿ ಹೊಟ್ಟೆನೋವು ಅಂದರೆ ನಾಟಕ, ಕಾಲು ಉಳುಕಿದೆ ಅಂದರೆ ಸೋಮಾರಿತನ. ಒಮ್ಮೆ ಜ್ವರ ಬಂದವಳನ್ನೇ ತಂಡದಿಂದ ತೆಗೆದು, ವರ್ಷವಿಡೀ ಮತ್ತೆ ಸೇರಿಸಿಕೊಳ್ಳಲಿಲ್ಲ.

ಆದರೆ ರಿಲೇ ಕಲಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ೧೯೭೯ರಲ್ಲಿ ಅವರ ತಂಡದಲ್ಲಿ ಎರಡನೆಯ ಓಟಗಾರ್ತಿ ಬುಕ್ಕಾಂಬುಧಿಯ ಮಲ್ಲಿಕಾಂಬ, ಮೂರನೆಯವಳು ತೀರ್ಥಮ್ಮ. ಬೇಟನ್ ಎಂಬ ಕೋಲನ್ನು ಕೊಡುವ ಜಾಗದ ಎರಡು ತುದಿಗೂ ಗೆರೆ ಇರುತ್ತದೆ. ಅದರೊಳಗೇ ಕೋಲು ಕೈ ಬದಲಾಗಬೇಕು, ದಾಟಿದರೆ ತಂಡವೇ ಹೊರಗೆ. ಅದಕ್ಕೆ ನಂಜುಂಡಪ್ಪ, ತೀರ್ಥಮ್ಮ ನಿಲ್ಲುವ ಜಾಗದಿಂದ ಒಂದಿಷ್ಟು ಹಿಂದೆ ಸುಣ್ಣದ ಪುಡಿಯಲ್ಲಿ ಅಡ್ಡಗೆರೆ ಹಾಕುತ್ತಿದ್ದರು.

"ಮಲ್ಲಿಕಾಂಬನ ಮುಖ ನೋಡ್ಬೇಡ ಕಣೇ, ಗೆರೆ ನೋಡು. ಅವಳ ಕಾಲು ಗೆರೆ ಮೇಲೆ ಬಿತ್ತೋ, ತಿರುಗಿ ಕಿತ್ಕೊಂಡು ಓಡು. ಹಿಂದೆ ನೋಡೋ ಹಾಗಿಲ್ಲ. ಅವಳು 'ಕೈ' ಅಂದ್ಮೇಲೇ ಬಲಗೈ ಹಿಂದಕ್ಕೆ ಚಾಚು, ಹೆಬ್ಬೆರಳು ಅಗಲಿಸಿ."

ಮಲ್ಲಿಕಾಂಬ ಎಡಗೈಯಲ್ಲಿ ತಂದ ಕೋಲನ್ನು ಕೆಳಗಿನಿಂದ ಮೇಲಕ್ಕೆ ಆ ಅಂಗೈಗೆ ಒತ್ತುತ್ತಿದ್ದಳು. ಮೊದಮೊದಲು ತೀರ್ಥಮ್ಮನಿಗೆ ಕೋಲು ಬರುತ್ತದೋ ಇಲ್ಲವೋ ಎಂದು ಕತ್ತು ತಿರುಗುತ್ತಿತ್ತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಕಿವಿಯೇ ಸಾಕಾಯಿತು.

ಆ ಸಲ ಕ್ರೀಡಾಕೂಟ ತರೀಕೆರೆಯಲ್ಲಿ ನಡೆಯಿತು. ಕಡೂರಿನ ತಂಡವನ್ನು ಗಂಗಾಧರಯ್ಯ ಎಂಬ ಮೇಷ್ಟ್ರು ಕರೆತಂದಿದ್ದರು. ಹಿಂದಿನ ವರ್ಷ ಅವರ ಹುಡುಗಿಯರೇ ಗೆದ್ದಿದ್ದರು. ಆ ಗೆಲುವಿನಲ್ಲಿ ಏನೋ ಮಸಲತ್ತಿತ್ತೆಂದು ನಂಜುಂಡಪ್ಪ ಇನ್ನೂ ನಂಬಿದ್ದರು. ಬೆಳಿಗ್ಗೆ ತಮ್ಮ ಹುಡುಗಿಯರು ಓಡುವ ದಾರಿಯಲ್ಲಿ ಸುಣ್ಣದ ಗೆರೆ ಹಾಕಿ ಕಾಫಿಗೆ ಹೋದರು.

ಹಿಂತಿರುಗಿದಾಗ ಗೆರೆ ಹಾಕಿದ ಜಾಗದಲ್ಲಿರಲಿಲ್ಲ. ತೀರ್ಥಮ್ಮನ ಜಾಗಕ್ಕೆ ಹತ್ತಿರವಾಗಿ ಸರಿದಿತ್ತು. ಹಳೆಯದನ್ನು ಕಾಲಿನಿಂದ ಕೆದಕಿ ಅಳಿಸಿದ್ದು ಎದ್ದು ಕಾಣುತ್ತಿತ್ತು. ಪಕ್ಕದ ದಾರಿಯಲ್ಲಿ ಗಂಗಾಧರಯ್ಯ ಸುಣ್ಣದ ಡಬ್ಬಿ ಹಿಡಿದು ಕೂತಿದ್ದರು.

"ಬೆಳಗ್ಗೆಯಿಂದ ಇಲ್ಲೇ ಇದೀರೇನ್ರೀ?" ಎಂದರು ನಂಜುಂಡಪ್ಪ.

"ಈಗ ಬಂದೆ ಸಾರ್. ನಮ್ಮ ಹುಡುಗೀರದ್ದು ಗುರುತು ಹಾಕ್ತಿದೀನಿ."

ಆ ಸಾವಧಾನದ ಉತ್ತರವೇ ನಂಜುಂಡಪ್ಪನವರ ಅನುಮಾನವನ್ನು ಗಟ್ಟಿ ಮಾಡಿತು. ಯಾರಿಗೂ ಹೇಳದೆ, ಹೊಸ ಗೆರೆಯನ್ನು ಅಳಿಸಿ ತಮ್ಮದನ್ನು ಮೊದಲಿನ ಜಾಗದಲ್ಲೇ ಹಾಕಿದರು. ಓಟ ಶುರುವಾಗುವವರೆಗೂ ಗಂಗಾಧರಯ್ಯನವರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ತಮ್ಮ ಹುಡುಗಿಯರ ಕಡೆ ನೋಡಿದ್ದರೆ, ಮಲ್ಲಿಕಾಂಬ ಹಿಮ್ಮಡಿ ಊರದೆ ನಡೆಯುತ್ತಿದ್ದುದು ಕಾಣುತ್ತಿತ್ತು.

ತೀರ್ಥಮ್ಮ ಜಾಗಕ್ಕೆ ಬಂದು ನಿಂತಾಗ ಗೆರೆ ದೂರದಲ್ಲಿದ್ದುದನ್ನು ಕಂಡಳು. ಸರಿಪಡಿಸುವ ಹೊತ್ತಿರಲಿಲ್ಲ, ಗುಂಡಿನ ಸದ್ದು ಆಗಿಹೋಗಿತ್ತು. ಕಲಿತದ್ದನ್ನೇ ಮಾಡಿದಳು. ಮಲ್ಲಿಕಾಂಬನ ಕಾಲು ಗೆರೆ ಮೇಲೆ ಬಿದ್ದೊಡನೆ ಓಡಿದಳು. ಆದರೆ 'ಕೈ' ಎಂಬ ಕೂಗು ಬರಲೇ ಇಲ್ಲ. ಕೊನೆಗೆ ಅದು ಬಂದಾಗ ಬಹಳ ಹಿಂದಿನಿಂದ, ಏದುಸಿರಿನಲ್ಲಿ ಬಂತು. ಚಾಚಿದ ಕೈಗೆ ಗಾಳಿ ಮಾತ್ರ ತಾಕಿತು. ವೇಗ ತಗ್ಗಿಸಿದರೂ ಕೋಲು ಕೈಸೇರುವಷ್ಟರಲ್ಲಿ ತುದಿಯ ಗೆರೆ ದಾಟಿಹೋಗಿತ್ತು. ತೀರ್ಪುಗಾರರು ಬಾವುಟ ಎತ್ತಿದರು.

ನಂಜುಂಡಪ್ಪ ನೇರ ಗಂಗಾಧರಯ್ಯನವರ ಮುಂದೆ ಹೋಗಿ ನಿಂತರು. "ಗೆರೆ ಸರಿಸಿದ್ದು ನೀವೇ ಕಣ್ರೀ. ನಮ್ಮ ಮಕ್ಕಳ ತಲೆ ಕೆಡಿಸಿಬಿಟ್ರಿ."

ಗಂಗಾಧರಯ್ಯ ಬಾಯಿ ತೆರೆಯುವ ಮೊದಲೇ ತೀರ್ಥಮ್ಮ ನಡುವೆ ಬಂದಳು. "ಅವರಲ್ಲ ಸಾರ್. ನಾನೇ ಸರಿಸಿದ್ದು."

ಬಸ್ಸಿನಿಂದ ಇಳಿಯುವಾಗ ಮಲ್ಲಿಕಾಂಬನ ಕಾಲು ಉಳುಕಿತ್ತು. ಎಂದಿನ ವೇಗ ಅವಳಿಂದಾಗದೆಂದು ಇಬ್ಬರಿಗೂ ಗೊತ್ತಿತ್ತು. ಬರುವವಳು ನಿಧಾನವಾದರೆ ಹೋಗುವವಳು ತಡವಾಗಿ ಹೊರಡಬೇಕು, ಗೆರೆ ಹತ್ತಿರ ಬರಬೇಕು. ನಂಜುಂಡಪ್ಪನವರೇ ಕಲಿಸಿದ ಪಾಠ ಅದು.

"ನನಗೆ ಯಾಕೆ ಹೇಳ್ಲಿಲ್ಲ?" ನಂಜುಂಡಪ್ಪನವರ ದನಿ ಇಳಿದಿತ್ತು.

"ಹೇಳಿದ್ರೆ ನೀವು ನಂಬ್ತಿರ್ಲಿಲ್ಲ ಸಾರ್. ನಾಟಕ ಅಂದು ಅವಳನ್ನ ತೆಗ್ದೇಬಿಡ್ತಿದ್ರಿ."

ಅವರು ಮಲ್ಲಿಕಾಂಬನನ್ನು ಕೂರಿಸಿ ಕಾಲು ಮುಟ್ಟಿ ನೋಡಿದರು. ಹಿಮ್ಮಡಿಯ ಪಕ್ಕ ಊದಿ ಬಿಸಿಯಾಗಿತ್ತು. ಟವೆಲು ನೆನೆಸಿ ತಾವೇ ಕಟ್ಟಿದರು. ಗಂಗಾಧರಯ್ಯನವರ ಕಡೆ ತಿರುಗಿ, "ತಪ್ಪು ತಿಳ್ಕೊಂಡೆ," ಎಂದಷ್ಟೇ ಹೇಳಿದರು. ಗಂಗಾಧರಯ್ಯ ತಲೆಯಾಡಿಸಿ ತಮ್ಮ ಹುಡುಗಿಯರ ಕಡೆ ಹೋದರು.

ಮುಂದಿನ ವರ್ಷದಿಂದ ಗುರುತು ಹಾಕುವ ಕೆಲಸ ಓಡುವವರದೇ ಆಯಿತು. ಓಟದ ದಿನ ಬೆಳಿಗ್ಗೆ ನಂಜುಂಡಪ್ಪ ಪ್ರತಿಯೊಬ್ಬಳನ್ನೂ ಕರೆದು, "ಮೈ ಹೆಂಗಿದೆ, ಇದ್ದದ್ದು ಇದ್ದ ಹಾಗೆ ಹೇಳು," ಎಂದು ಕೇಳುತ್ತಿದ್ದರು. ಉತ್ತರ ಕೇಳುವಾಗ ಅವರ ಹುಬ್ಬು ಹಳೆಯ ಅಭ್ಯಾಸದಂತೆ ಗಂಟಿಕ್ಕುತ್ತಿತ್ತು. ಆದರೂ ಸುಣ್ಣದ ಡಬ್ಬಿಯನ್ನು ಹುಡುಗಿಯರ ಕೈಗೆ ಕೊಟ್ಟು, ಅವರು ಅದನ್ನು ಎಲ್ಲಿ ಸುರಿಯುತ್ತಾರೆಂದು ನೋಡದೆ ಗ್ಯಾಲರಿಯ ಕಡೆ ನಡೆದುಬಿಡುತ್ತಿದ್ದರು.