ರಾತ್ರಿ ಊಟದ ಕೂಪನ್

ನಾನೂ ಅಕ್ಕನೂ ಇಬ್ಬರೂ ಹುಣಸೂರಿನಲ್ಲಿ ಡಿಗ್ರಿ ಓದಬೇಕೆಂದರೆ ಊಟ, ವಸತಿ ಸೇರಿ ತಿಂಗಳಿಗೆ ಒಂಬತ್ತು ಸಾವಿರ ದಾಟಬಾರದು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ದಾಟಿದರೆ ಮಾರ್ಕ್ಸ್ ಜಾಸ್ತಿ ಬಂದಿದ್ದ ನಾನೊಬ್ಬಳೇ. ಅಕ್ಕ ಪಿಯುಸಿ ಪಾಸಾಗಿ ಒಂದು ವರ್ಷ ಭೇರ್ಯದ ನಮ್ಮ ಮನೆಯಲ್ಲಿ ಸಗಣಿ ಬಾಚಿಕೊಂಡಿದ್ದಳು. ನನ್ನ ಜೊತೆಯಲ್ಲಾದರೂ ಕಳಿಸುತ್ತಾರೆ ಎಂದು ಆ ವರ್ಷವನ್ನು ಕಳೆದವಳು ಅವಳು.

ಹೆಂಗಸರಿಗೆ ಬಸ್ಸು ಫ್ರೀ, ದಿನಾ ಓಡಾಡಿ ಎಂದು ಬಿಟ್ಟಿ ಸಲಹೆ ಕೊಟ್ಟವರಿಗೇನೂ ಬರವಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಹುಣಸೂರು ಸೇರುವಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರುತ್ತವೆ, ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂಬುದು ಆ ಪುಣ್ಯಾತ್ಮರಿಗೆ ಬೇಡವಾಗಿತ್ತು. ಸರ್ಕಾರಿ ಹಾಸ್ಟೆಲಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಬರಲಿಲ್ಲ.

ಅಪ್ಪನೂ ನಾನೂ ಒಂದಿಡೀ ದಿನ ಹುಣಸೂರು ಸುತ್ತಿದೆವು. ಊಟ ಸೇರಿಸಿ ಕೊಡುವ ಪಿಜಿಯಲ್ಲಿ ತಲೆಗೆ ಐದೂವರೆ ಸಾವಿರ. ಕೇಳಿಯೇ ಅಪ್ಪ ಮೆಟ್ಟಿಲಿಳಿದ. ಊಟವಿಲ್ಲದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮಂಚಕ್ಕೆ ಸಾವಿರದ ಎಂಟುನೂರು. ಅಲ್ಲಿಗೇ ಮೂರು ಹೊತ್ತು ಟಿಫಿನ್ ಡಬ್ಬಿ ತರಿಸಿದರೆ ತಲೆಗೆ ಮೂರೂವರೆ ಸಾವಿರ, ಅದೂ ಅಳೆದು ತುಂಬಿದ ಅನ್ನ. ಕೊನೆಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಮೆಸ್ಸು. ಮೂರು ಹೊತ್ತಿಗೂ ಸೇರಿ ತಿಂಗಳ ಕೂಪನ್ ಎರಡು ಸಾವಿರದ ಆರುನೂರು.

ನಮ್ಮ ಕಡೆಯವರು ಊಟದ ಮನೆಯನ್ನು ಅಳೆಯುವುದು ಮುದ್ದೆಯಿಂದ. ಅಪ್ಪ ಕೇಳಿದ್ದೂ ಅದೊಂದನ್ನೇ: "ರಾತ್ರಿಗೆ ಮುದ್ದೆ ಎಷ್ಟು ಆಕ್ತೀರವ್ವ?"

"ಒಟ್ಟೆ ತುಂಬ ಉಣ್ಲಿ ಕಣ್ರೀ ಯಜಮಾನ್ರೇ, ಲೆಕ್ಕ ಮಡಗಲ್ಲ ನಾವು," ಎಂದಳು ಮೆಸ್ಸಿನಾಕೆ.

ಇಬ್ಬರದೂ ಸೇರಿ ಎಂಟು ಸಾವಿರದ ಎಂಟುನೂರು. ಇನ್ನೂರು ಉಳಿಯಿತು! ಹಾಸ್ಟೆಲಿನ ಅಡ್ವಾನ್ಸನ್ನು ಅವ್ವ ಡೇರಿಯ ದುಡ್ಡಿನಲ್ಲಿ ಕಟ್ಟಿದಳು. ಅಕ್ಕ ಬಿ.ಕಾಂ. ಸೇರಿದ ದಿನ ಊರಿನ ಎಲ್ಲರಿಗೂ ಫೋನು ಮಾಡಿದಳು.

ಮೊದಲ ಸಂಜೆ ಊಟಕ್ಕೆ ಹೊರಟರೆ ಹಾಸ್ಟೆಲಿನ ಗೇಟಿಗೆ ಬೀಗ. "ಏಳ್ ಗಂಟೆಗೆ ಗೇಟ್ ಹಾಕ್ತೀವಿ ಅಂತ ಬೋರ್ಡಲ್ಲೇ ಬರೆದಿದೀವಲ್ಲಮ್ಮ," ಎಂದರು ವಾರ್ಡನ್. ಮೆಸ್ಸಿನಲ್ಲಿ ರಾತ್ರಿ ಊಟ ಶುರುವಾಗುವುದು ಏಳೂವರೆಗೆ. ನಮ್ಮ ಮನೆಯಲ್ಲಿ ಗದ್ದೆಯಿಂದ ಎಲ್ಲರೂ ಬಂದು, ಹಸುವಿಗೆ ಹುಲ್ಲು ಹಾಕಿ ಆದಮೇಲೆ ಊಟ. ಉಣ್ಣುವ ಹೊತ್ತಿಗೆ ಮುಂಚೆ ಬಾಗಿಲು ಹಾಕುವವರೂ ಇದ್ದಾರೆ ಎಂದು ನಮಗೆ ಹೊಳೆಯುವುದಾದರೂ ಹೇಗೆ? ಆ ಮೆಸ್ಸಿನಲ್ಲಿ ರಾತ್ರಿ ಉಣ್ಣುವವರೆಲ್ಲ ಗಂಡಸರು. ಹುಡುಗಿಯರು ಒಂದು ಹೊತ್ತಿನ ದುಡ್ಡು ನೀರಿಗೆ ಹಾಕುತ್ತಿದ್ದಾರೆಂದು ಯಾರು ಹೇಳಬೇಕಿತ್ತು?

ಮರುದಿನ ಮೆಸ್ಸಿನಾಕೆಯ ಹತ್ತಿರ ಅಂಗಲಾಚಿದೆವು. ರಾತ್ರಿಯದನ್ನು ಕಳೆದು ಕೊಡುವುದಿಲ್ಲ. ಎರಡೇ ಹೊತ್ತು ಬೇಕೆಂದರೆ ಬಿಡಿ ಊಟದ ರೇಟು, ಅದು ಕೂಪನ್ನಿಗಿಂತ ಜಾಸ್ತಿ. ಡಬ್ಬಿ ಕಳಿಸಬಹುದು, ಆದರೆ ಗಾಡಿಯವನಿಗೂ ಸೇರಿ ಒಂದು ಡಬ್ಬಿಗೆ ದಿನಕ್ಕೆ ಇಪ್ಪತ್ತು ಮೇಲೆ. "ಡಬ್ಬಿಗೆ ಒಂದ್ ಮುದ್ದೆ, ಒಂದ್ ಕಪ್ ಅನ್ನ ಕಣವ್ವ. ಇಲ್ಲಿ ಬಂದು ಉಂಡೋರಿಗೆ ಮಾತ್ರ ಲೆಕ್ಕ ಇಲ್ದೆ ಇರೋದು."

ಇಬ್ಬರಿಗೆ ತಿಂಗಳಿಗೆ ಸಾವಿರದ ಇನ್ನೂರು. ಬೇರೆ ಹಾಸ್ಟೆಲುಗಳಲ್ಲಿ ವಿಚಾರಿಸಿದೆವು. ಎಲ್ಲ ಗೇಟುಗಳದೂ ಅದೇ ಹಣೆಬರಹ. ಕೊನೆಗೆ ಒಂದೇ ಡಬ್ಬಿ ಹೇಳಿದೆವು. ಉಳಿದ ಇನ್ನೂರಕ್ಕೆ ಅಕ್ಕ ತನ್ನ ಜೆರಾಕ್ಸ್ ದುಡ್ಡು ಸೇರಿಸಿದಳು.

ಮುದ್ದೆಯನ್ನು ನಾನು ಎರಡು ಮಾಡಿದರೆ ಅವಳು ತನ್ನ ಪಾಲನ್ನು ಮತ್ತೆ ಎರಡು ಮಾಡುತ್ತಿದ್ದಳು. "ಮಧ್ಯಾಹ್ನ ಜಾಸ್ತಿ ಉಂಡ್ಬುಟ್ಟಿವ್ನಿ ಕಣೇ, ನೀನ್ ತಿನ್ನು." ಸುಳ್ಳಿ! ಮಧ್ಯಾಹ್ನ ಗಂಡಸರ ಸಾಲಿನ ನಡುವೆ ಎರಡನೇ ಸಲ ಅನ್ನ ಕೇಳಲು ಅವಳಿಗೆ ನಾಚಿಕೆ. ಹೊಟ್ಟೆ ಉರಿಯುತ್ತಿತ್ತು ನನಗೆ, ಅವಳ ಮೇಲೂ, ಆ ಗೇಟಿನ ಮೇಲೂ. ನೋಟ್ಸ್ ಜೆರಾಕ್ಸ್ ಮಾಡಿಸಲಾಗದೆ ಅವಳು ಅದನ್ನೆಲ್ಲ ಕೈಯಲ್ಲೇ ಬರೆದುಕೊಳ್ಳುತ್ತಿದ್ದಳು. ಬರೆಯುತ್ತಲೇ ಒಮ್ಮೆ ತಲೆಸುತ್ತಿ ಮಂಚದಿಂದ ಜಾರಿದಳು.

ಆಗ ನಾನೇ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಇನ್ನೊಂದು ಸಾವಿರ ಕಳಿಸುತ್ತಾನೆಂದುಕೊಂಡಿದ್ದೆ.

"ಆಗಕಿಲ್ಲ ಕಣವ್ವ. ಅಕ್ಕುನ್ನ ಬಸ್ ಅತ್ತಿಸ್ಬುಡು," ಎಂದ ಅಪ್ಪ.

ಅಕ್ಕ ಜಗಳವಾಡಲಿಲ್ಲ. ಕೈಬರಹದ ನೋಟ್ಸನ್ನು ಕ್ಲಾಸಿನ ಹುಡುಗಿಯೊಬ್ಬಳಿಗೆ ಕೊಟ್ಟು ಬಂದಳು. ಊರ ದಾರಿಯ ಕೆ.ಆರ್. ನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, "ಚೆನ್ನಾಗ್ ಓದ್ಕಳೇ," ಎಂದಷ್ಟೇ ಅಂದಳು.

ಆ ಸಂಜೆಯೂ ಡಬ್ಬಿ ಬಂತು. ಮುದ್ದೆ ಮುರಿದು ಅರ್ಧವನ್ನು ಮುಚ್ಚಳದಲ್ಲಿ ತೆಗೆದಿಟ್ಟೆ. ನನ್ನ ಪಾಲು ತಿಂದೆ. ಹಸಿವು ಹೋಗಿರಲಿಲ್ಲ. ಮುಚ್ಚಳದಲ್ಲಿದ್ದುದನ್ನೂ ತಿಂದೆ. ಹುಣಸೂರಿಗೆ ಬಂದ ಮೇಲೆ ಮೊದಲ ಸಲ ರಾತ್ರಿ ನನ್ನ ಹೊಟ್ಟೆ ತುಂಬಿತು.