ಅಕ್ಕನ ವಿಡಿಯೊ ಕೆಳಗಿನ ಪಟ್ಟಿ

ನನ್ನ ಅಕ್ಕ ಬೂದಿಕೋಟೆ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ನಾನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಒಂಬತ್ತು ತಿಂಗಳ ಮಕ್ಕಳಿಗೆ ಹಾಕಿಸುವ ದಡಾರ ಲಸಿಕೆಯ ಬಗ್ಗೆ ಮನೆಮನೆಗೆ ಹೋಗಿ ಹೇಳಿ ಅವಳಿಗೆ ಗಂಟಲು ಕಟ್ಟಿತ್ತು. ಒಂದು ಭಾನುವಾರ ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ಬಂದವಳು, "ನಾನ್ ಯೋಳಿದ್ದನ್ನ ಒಂದ್ ವಿಡಿಯೊ ಮಾಡಿ ಆಕ್ಲಾ, ಎಲ್ಲಾರೂ ನೋಡ್ಲಿ" ಅಂದಳು. ಗೋಡೆಯ ಮುಂದೆ ಕುರ್ಚಿ ಹಾಕಿ ಕೂರಿಸಿ ನಾಲ್ಕು ನಿಮಿಷ ಚಿತ್ರೀಕರಿಸಿ, ವಿಡಿಯೊ ತಾಣದಲ್ಲಿದ್ದ ನನ್ನ ಚಾನೆಲ್ಲಿಗೆ ಹಾಕಿದೆ.

ಮರುದಿನ ನೋಡಿದರೆ ವಿಡಿಯೊದ ಕೆಳಗೆ ಒಂದು ಬೂದು ಪಟ್ಟಿ. ಇಂಗ್ಲಿಷಿನಲ್ಲಿ ದಡಾರದ ಬಗ್ಗೆ ಎರಡು ಸಾಲು, ಒಂದು ಆರೋಗ್ಯ ಸಂಸ್ಥೆಯ ಹೆಸರು, ಒತ್ತಿದರೆ ಅದರ ಪುಟಕ್ಕೆ ಹೋಗುವ ಕೊಂಡಿ. ನಾನು ಹಾಕಿದ್ದಲ್ಲ. ಅಕ್ಕ ತಪ್ಪು ಹೇಳಿದ್ದಾಳೆಯೇ? ನಾಳೆ ಮೇಲಿನವರಿಂದ ಅವಳಿಗೆ ನೋಟಿಸ್ ಬಂದರೆ? ಪಾಳಿಯಲ್ಲಿ ಕೆಲಸದ ನಡುವೆ ಎರಡು ಸಲ ಹೊರಗೆ ಹೋಗಿ ಫೋನ್ ತೆಗೆದು ನೋಡಿದೆ. ಅದನ್ನು ಅಳಿಸುವ ಗುಂಡಿ ಯಾವ ಸೆಟ್ಟಿಂಗ್‌ನಲ್ಲೂ ಸಿಗಲಿಲ್ಲ.

ಗುರುವಾರ ಲಸಿಕೆಯ ದಿನ. ಮಧ್ಯಾಹ್ನ ಅಕ್ಕನ ಫೋನ್ ಬಂತು.

"ಏನ್ಲಾ ಅದು ಕೆಳಗೆ? ಇಲ್ಲಿ ಕೂಲಿಗೋಗೋರ ಮನೆಯ ಒಬ್ಳು ಎಣ್ಮಗಳು ಮಗೂನ ಕರ್ಕಂಡು ಬರ್ಲೇ ಇಲ್ಲ. ಸರ್ಕಾರದೋರೇ ಈ ವಿಡಿಯೊ ಸುಳ್ಳು ಅಂತ ಬರ್ದವ್ರೆ ಅಂತ ಅವ್ಳ ಗಂಡ ಯೋಳ್ತವ್ನೆ."

ನನ್ನಿಂದಾಗಿ ಒಂದು ಮಗುವಿನ ಲಸಿಕೆ ತಪ್ಪಿತಲ್ಲ ಅನ್ನಿಸಿ ಕೂತಲ್ಲಿ ಕೂರಲಾಗಲಿಲ್ಲ. ವಿಡಿಯೊ ತೆಗೆದುಬಿಡೋಣವೇ ಅಂದುಕೊಂಡೆ. ತೆಗೆದರೆ ಸುಳ್ಳೆಂದು ಒಪ್ಪಿಕೊಂಡಂತೆ. ಕೊನೆಗೆ ಆ ತಾಣದ ಸಹಾಯ ಪುಟವನ್ನು ಒಂದೊಂದೇ ಸಾಲು ಓದಿದೆ. ಈ ಪಟ್ಟಿಯನ್ನು ಹಾಕುವುದು ವಿಡಿಯೊ ಮಾಡಿದವರಲ್ಲ, ತಾಣವೇ. ತಪ್ಪು ಮಾಹಿತಿ ಹರಡುವ ಸಾಧ್ಯತೆಯಿರುವ ವಿಷಯ ಎಂದು ಕಂಡರೆ, ವಿಡಿಯೊದಲ್ಲಿ ಯಾರು ಏನೇ ಅಭಿಪ್ರಾಯ ಹೇಳಿರಲಿ, ಹೊರಗಿನ ನಂಬಲರ್ಹ ಮೂಲದ ಮಾಹಿತಿಯನ್ನು ಕೆಳಗೆ ತೋರಿಸುತ್ತದೆ. ಅದು ಶಿಕ್ಷೆಯಲ್ಲ, ತೀರ್ಪೂ ಅಲ್ಲ.

ಹಾಗಾದರೆ ಸುಳ್ಳು ವಿಡಿಯೊದ ಕೆಳಗೂ ಇರಬೇಕಲ್ಲ? ಹುಡುಕಿದೆ. ದಡಾರದ ಲಸಿಕೆ ಹಾಕಿಸಿದರೆ ಮಕ್ಕಳ ಬುದ್ಧಿ ಮಂಕಾಗುತ್ತದೆ ಎನ್ನುತ್ತಿದ್ದ ಒಬ್ಬನ ವಿಡಿಯೊ ಸಿಕ್ಕಿತು. ಅದರ ಕೆಳಗೂ ಅದೇ ಬೂದು ಪಟ್ಟಿ, ಅದೇ ಎರಡು ಸಾಲು. ಕಾಮೆಂಟಿನಲ್ಲಿ ಒಬ್ಬರು, "ನೋಡಿ, ಇದಕ್ಕೆ ಅಧಿಕೃತ ಮುದ್ರೆ ಬಿದ್ದಿದೆ" ಎಂದು ಬರೆದಿದ್ದರು. ನನಗೆ ಮೈ ಉರಿಯಿತು. ಒಂದು ಕಡೆ ಅದೇ ಪಟ್ಟಿ ಎಚ್ಚರಿಕೆ, ಇನ್ನೊಂದು ಕಡೆ ಒಪ್ಪಿಗೆ. ಎರಡೂ ನಮ್ಮ ಜನವೇ ಕಟ್ಟಿಕೊಂಡ ಅರ್ಥ. ಆ ವಿಡಿಯೊದ ಮೇಲೆ ದೂರು ಕೊಟ್ಟೆ.

ಶನಿವಾರ ಬಂಗಾರಪೇಟೆ ಮಾರ್ಗವಾಗಿ ಬೈಕಿನಲ್ಲಿ ಅಕ್ಕನ ಊರಿಗೆ ಹೋಗಿ, ಅಕ್ಕನನ್ನು ಕೂರಿಸಿಕೊಂಡು ಆ ಮನೆಗೆ ಹೋದೆ. ಗಂಡ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾ, ಎರ್ಡೂ ನೋಡು" ಎಂದು ನನ್ನ ಫೋನಿನಲ್ಲಿ ಅಕ್ಕನ ವಿಡಿಯೊ, ಅಕ್ಕನ ಫೋನಿನಲ್ಲಿ ಆ ಸುಳ್ಳು ವಿಡಿಯೊ ತೆರೆದು ಪಕ್ಕಪಕ್ಕದಲ್ಲಿ ಹಿಡಿದೆ.

ಅವನು ಬಹಳ ಹೊತ್ತು ನೋಡಿದ. "ಎರ್ಡರಾಗೂ ಒಂದೇ ಐತೆ. ಅಂಗಾದ್ರೆ ಯಾವ್ದು ನಿಜ?"

"ಪಟ್ಟಿ ಅದನ್ನ ಯೋಳಲ್ಲಣ್ಣಾ. ಅದರ ಮೇಲೆ ಒತ್ತಿದ್ರೆ ಯೋಳ್ತದೆ" ಅಂದೆ.

ಅವನೇ ಒತ್ತಿದ. ತೆರೆದ ಪುಟವನ್ನು ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ದಡಾರ ಎಷ್ಟು ಬೇಗ ಹರಡುತ್ತದೆ, ಏನೇನು ಮಾಡಬಹುದು, ಲಸಿಕೆ ಅದನ್ನು ಹೇಗೆ ತಡೆಯುತ್ತದೆ. ಅಕ್ಕ ಹೇಳಿದ್ದೇ ಅಲ್ಲಿಯೂ ಇತ್ತು. ಲಸಿಕೆಯಾದ ಮೇಲೆ ಜ್ವರ ಬರಬಹುದು ಎಂಬ ಸಾಲನ್ನೂ ಬಿಡದೆ ಓದಿದೆ.

ಹೆಂಡತಿ ಅಕ್ಕನನ್ನೇ ಕೇಳಿದಳು: "ನರ್ಸಮ್ಮಾ, ಜ್ವರ ಬಂದ್ರೆ ನಿಮ್ಗೆ ಫೋನ್ ಮಾಡ್ಬೋದಾ?"

"ಯಾವಾಗ್ಬೇಕಾದ್ರೂ ಮಾಡಮ್ಮಾ. ನಾನೇ ಬತ್ತೀನಿ."

ಮುಂದಿನ ಗುರುವಾರ ಆ ಮಗುವಿಗೆ ಲಸಿಕೆಯಾಯಿತು. ಅಕ್ಕ ಎರಡೇ ಪದ ಕಳಿಸಿದಳು: "ಆಕಿಸ್ಕಂಡ್ರು ಕಣ್ಲಾ." ಮನಸ್ಸಿಗೆ ನೆಮ್ಮದಿಯಾಯಿತು, ಆದರೆ ಅರ್ಧ ಮಾತ್ರ. ನನ್ನ ದೂರು ಏನಾಯಿತೋ ಗೊತ್ತಿಲ್ಲ. ಆ ಇನ್ನೊಬ್ಬನ ವಿಡಿಯೊ ಈಗಲೂ ಅಲ್ಲೇ ಇದೆ. ಎಷ್ಟು ಮನೆಗಳ ಕಟ್ಟೆಯ ಮೇಲೆ ಅದು ಓಡುತ್ತಿದೆಯೋ. ಎಲ್ಲ ಮನೆಗೂ ಬೈಕಿನಲ್ಲಿ ಹೋಗಲು ನನ್ನಿಂದಾಗದು.