ನೀವು ತಿಳಿಸಿರುವಂತೆ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ನೆನೆಸಿದ್ದ ಹುರುಳಿಕಾಳು ಬೇಯಲಿಟ್ಟೆ. ಅತ್ತೆಯ ಮಾತ್ರೆ ಬಿಡಿಸಿ ಬಟ್ಟಲಿಗೆ ಹಾಕಿದೆ. ಒಗೆದ ಬಟ್ಟೆ ಹರವಿ, ಪಾಂಡವಪುರದಲ್ಲಿ ಬಸ್ಸು ಹತ್ತಿ, ಶ್ರೀರಂಗಪಟ್ಟಣದ ನಮ್ಮ ವಿಮಾ ಕಚೇರಿಗೆ ಬಂದು ಟಪಾಲು ಬಿಡಿಸಿದೆ. ಟೀ ಬರುವ ಹೊತ್ತಿಗೆ ಆಕೆ ಬಂದು ನಿಂತಳು. ಅರಕೆರೆ ಕಡೆಯ ಹೆಂಗಸು. ಕೈಯಲ್ಲಿ ಹೋದ ವಾರ ನಾನೇ ಬರೆದ ಪತ್ರ.

ಆಕೆಯದು ಒಂದೇ ಹಸು. ಡೈರಿಗೆ ಹಾಲು ಹಾಕಿಯೇ ಮನೆ ನಡೆಯುತ್ತಿತ್ತು. ಹಸು ವಿಮೆ ಮಾಡಿದಾಗ ಅದರ ಕಿವಿಗೆ ನಂಬರಿನ ಹಳದಿ ಓಲೆ ಚುಚ್ಚುತ್ತೇವೆ. ಸತ್ತರೆ ನಮಗೆ ತಿಳಿಸಬೇಕು, ಡಾಕ್ಟರು ಬಂದು ಕುಯ್ದು ನೋಡಬೇಕು, ಓಲೆ ಅಲ್ಲಿವರೆಗೂ ಕಿವಿಯಲ್ಲೇ ಇರಬೇಕು. ಆಕೆ ಮಾಡಿದ್ದೇ ಬೇರೆ. ಹೆತ್ತ ಮಗಳನ್ನು ಕಳಿಸುವ ಹಾಗೆ ಹಸುವಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೊತ್ತು ಮುಳುಗುವ ಮುಂಚೆ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿಸಿದಳು. ಕಿವಿಯೋಲೆ ಸರ್ಕಾರದ್ದು, ಮಣ್ಣುಪಾಲು ಮಾಡಬಾರದು ಅಂತ ಬಿಚ್ಚಿ, ತೊಳೆದು, ನಮಗೆ ತಂದುಕೊಟ್ಟಳು. ಅದರ ಸಂದಿಯಲ್ಲಿ ಅರಿಶಿನ ಇನ್ನೂ ಇತ್ತು.

ದೊಡ್ಡ ಕಚೇರಿಯ ಸಮಿತಿ ಕ್ಲೇಮು ಒಪ್ಪಲಿಲ್ಲ. ಪತ್ರ ಬರೆಯುವುದು ನನ್ನ ಪಾಲಿಗೆ ಬಂತು.

ಕರಡು ನೋಡಿದ ನಮ್ಮ ಮ್ಯಾನೇಜರು, ನಾಗಮಂಗಲದ ಹುಡುಗ, ಮೂಗು ಮುರಿದರು. "ಏನ್ ಮೇಡಂ, ಬೀಗರಿಗೆ ಬರ್ದಂಗಿದೆ. ಹಸು ಮಾರ್ಕೊಂಡು ಓಲೆ ತಂದವ್ಳೆ ಅಂತ ಒಂದು ಲೈನು ಹಾಕಿ."

"ನೀವು ನೋಡಿದ್ರಾ ಸಾರ್, ಮಾರಿದ್ದನ್ನ?"

"ಇಲ್ಲ."

"ನಾಳೆ ಕೋರ್ಟಲ್ಲಿ ಅದನ್ನ ಸಾಬೀತು ಮಾಡೋರು ಯಾರು? ಆಯಮ್ಮನ ಮಾನ ಹೋದ್ರೆ ಕಟ್ಟಿಕೊಡೋರು ಯಾರು?"

ಅವರು ನಕ್ಕು ಪೆನ್ನು ಮುಚ್ಚಿದರು.

ಇಂಥ ಪತ್ರ ಬರೆದು ಬರೆದು ನನಗೊಂದು ಕ್ರಮ ಕೈಗೆ ಹತ್ತಿದೆ. ಮೊದಲು ಪಾಲಿಸಿ ನಂಬರು, ಕ್ಲೇಮಿನ ನಂಬರು. ಆಮೇಲೆ ನಾವು ನೋಡಿದ ಕಾಗದಗಳು ಯಾವುವು ಅಂತ. ಆಮೇಲೆ ಷರತ್ತು, ಪಾಲಿಸಿಯಲ್ಲಿ ಇದ್ದ ಹಾಗೆಯೇ, ನಮ್ಮ ಮಾತು ಬೆರೆಸದೆ. ಆಮೇಲೆ ಕಾರಣ. ಇರುವ ಕಾರಣವನ್ನೆಲ್ಲ ಅಲ್ಲೇ ಹೇಳಿಬಿಡಬೇಕು, ಈ ಪತ್ರದಲ್ಲಿ ಬಿಟ್ಟದ್ದನ್ನು ನಾಳೆ ಕೋರ್ಟಿನಲ್ಲಿ ಹೊಸದಾಗಿ ಎತ್ತಿದರೆ ನಡೆಯುವುದಿಲ್ಲ. ಬೈಗುಳ ಬೇಡ, ಊಹೆ ಬೇಡ, ಬುದ್ಧಿವಾದವೂ ಬೇಡ. "ಹೀಗೆ ಮಾಡಿದ್ದರೆ ಕೊಡುತ್ತಿದ್ದೆವು" ಅನ್ನಲೂಬಾರದು. ಕೊನೆಗೆ, ಬೇರೆ ದಾಖಲೆ ಇದ್ದರೆ ಕೊಡಿ, ಮತ್ತೆ ನೋಡುತ್ತೇವೆ ಅಂತ. ನಮ್ಮ ದೂರು ವಿಭಾಗದ ವಿಳಾಸ, ಅಲ್ಲೂ ಆಗದಿದ್ದರೆ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಒಂಬುಡ್ಸ್‌ಮನ್ನರ ವಿಳಾಸ. ಪಾಲಿಸಿಯಲ್ಲಿ ಕಂಪನಿಗಿರುವ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ ಅನ್ನುವ ಸಾಲು.

ಒಂದು ಕಡೆ ಮಾತ್ರ ಕೈ ತಡೆಯಿತು. ಮೊದಲ ಸಾಲು "ನಿಮ್ಮ ಹಸು ಸತ್ತಿದ್ದಕ್ಕೆ ವಿಷಾದಿಸುತ್ತೇವೆ" ಅಂತ ಇತ್ತು. ಆದರೆ ಸತ್ತದ್ದು ನಾವು ವಿಮೆ ಮಾಡಿದ ಹಸುವೇ ಅಲ್ಲವೇ ಅನ್ನೋದೇ ತಕರಾರು. ಹಾಗೆ ಬರೆದರೆ ನಾವೇ ಒಪ್ಪಿಕೊಂಡ ಹಾಗೆ. ಅದನ್ನು ಹೊಡೆದು "ನೀವು ತಿಳಿಸಿರುವಂತೆ ಹಸು ಸತ್ತಿರುವ ವಿಷಯಕ್ಕೆ ವಿಷಾದಿಸುತ್ತೇವೆ" ಅಂತ ತಿದ್ದಿದೆ.

ಆಕೆ ಪತ್ರ ಬಿಚ್ಚಿ ಅದೇ ಸಾಲಿನ ಮೇಲೆ ಬೆರಳಿಟ್ಟಳು. "ಡೈರಿ ಸೆಕ್ರೆಟ್ರಿ ಕೈಲಿ ಓದುಸ್ದೆ ಕಣಕ್ಕ. ಎಲ್ಲ ಮರ್ವಾದೆಯಾಗೇ ಬರ್ದವ್ರೆ ಅಂದ. ಇದೊಂದು ಯಾಕೆ ಇಂಗೆ? ನಾ ತಿಳಿಸ್ದಂತೆ ಅಂದ್ರೆ? ಅದು ಸತ್ತಿದ್ದು ಸುಳ್ಳಾ?"

"ಸುಳ್ಳು ಅಂತ ಎಲ್ಲೂ ಬರ್ದಿಲ್ಲ ಕಣವ್ವ."

"ದಿಟ ಅಂತಾನೂ ಬರ್ದಿಲ್ವಲ್ಲ."

ನಾನು ನಂಬ್ತೀನಿ ಅನ್ನುವ ಮಾತು ಗಂಟಲವರೆಗೂ ಬಂತು. ಆ ಕುರ್ಚಿಯಲ್ಲಿ ಕೂತು ಅನ್ನುವ ಮಾತಲ್ಲ ಅದು. ಕೆಳಗಿನ ವಿಳಾಸ ತೋರಿಸಿದೆ. ಮಣ್ಣು ಮಾಡುವಾಗ ಇದ್ದವರು ಬರೆದುಕೊಟ್ಟರೆ ಜೊತೆಗೆ ಇಟ್ಟು ಕಳಿಸು ಅಂದೆ.

"ಅವ್ರೂ ಡಾಕ್ಟ್ರು ಕಾಗ್ದ ಕೇಳ್ತಾರಾ?"

"ಕೇಳ್ತಾರೆ."

"ಹೂಂ. ಅವ್ರೂ ಬೆಣ್ಣೆ ಹಚ್ಚಿ ಇಲ್ಲ ಅಂತಾರೆ ಬುಡು." ಪತ್ರ ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ಹೊರಟವಳು ಮತ್ತೆ ನಿಂತಳು. "ದುಡ್ಡು ಅತ್ಲಾಗಿರ್ಲಿ. ಅದ್ರ ಓಲೆನಾದ್ರೂ ಕೊಡಕ್ಕ. ನಿಮ್ ಲೆಕ್ಕಕ್ಕೆ ಅದು ಸತ್ತಿರೋ ಹಸೀಂದಲ್ವಲ್ಲ."

ಓಲೆ ಫೈಲಿನಲ್ಲಿತ್ತು. ಆಕೆ ಒಂಬುಡ್ಸ್‌ಮನ್ನರ ಹತ್ತಿರ ಹೋದರೆ ಅದು ಸಾಕ್ಷಿ, ಕೊಡುವ ಹಾಗಿಲ್ಲ. ಅದನ್ನೂ ಮರ್ಯಾದೆಯಾಗಿಯೇ ಹೇಳಿದೆ.

ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಉಪ್ಪು ಸಾಲದು ಅಂದರು ಯಜಮಾನರು. ಅತ್ತೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಮೊದಲು ಮಲಗಿದರು, ಆಮೇಲೆ ಅವರು. ನಾನು ತಟ್ಟೆ ತೊಳೆದು ಬಂದು ಮಲಗಿದೆ. ನಿದ್ದೆ ಬೇಗ ಬರಲಿಲ್ಲ.